ಮುಚ್ಚಿಟ್ಟರೆ ಸಾಕಾ, ಆರ್ಬಿಟ್ರೇಟರ್ ಹೋಗ್ತಾರಾ?

ಓದುಗರ ಪತ್ರ: ನಮ್ಮ ವ್ಯಾಜ್ಯವನ್ನು ಕೋರ್ಟಿನ ಹೊರಗೆ ತೀರ್ಮಾನಿಸಲು ಎದುರು ಕಂಪನಿ ನೇಮಿಸಿದ ಆರ್ಬಿಟ್ರೇಟರನ್ನು ಅದೇ ಕಂಪನಿ ಕಳೆದ ಮೂರು ವರ್ಷಗಳಲ್ಲಿ ಬೇರೆ ಎರಡು ಕೇಸುಗಳಿಗೂ ನೇಮಿಸಿತ್ತಂತೆ. ಅವರು ನಮಗೆ ಒಂದು ಮಾತೂ ಹೇಳಲಿಲ್ಲ. ಇದು ಗೊತ್ತಾಗಿ 22 ದಿನವಾಯಿತು. ಹೇಳದೆ ಮುಚ್ಚಿಟ್ಟಿದ್ದೇ ಸಾಕಲ್ವಾ, ಅವರನ್ನು ತೆಗೆಸೋಕೆ?

ಸಂಪಾದಕರ ಉತ್ತರ: ಸಾಲದು. ಹಾಗಂತ ನಿಮ್ಮ ಆಕ್ಷೇಪ ಹುಸಿಯೂ ಅಲ್ಲ. ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೊದಲು ಅವನ್ನು ಬಿಡಿಸೋಣ.

ಅವರು ಹೇಳಬೇಕಿತ್ತಾ ಅನ್ನೋದು ಮೊದಲ ಪ್ರಶ್ನೆ. ವಕೀಲರ ಜಾಗತಿಕ ಸಂಘಟನೆಯಾದ ಇಂಟರ್‌ನ್ಯಾಷನಲ್ ಬಾರ್ ಅಸೋಸಿಯೇಷನ್‌ 2004ರಲ್ಲಿ ಹಿತಾಸಕ್ತಿ ಸಂಘರ್ಷದ ಬಗ್ಗೆ ಒಂದು ಮಾರ್ಗಸೂಚಿ ತಂದಿತು. 2014 ಮತ್ತು 2024ರಲ್ಲಿ ಅದನ್ನು ಪರಿಷ್ಕರಿಸಿತು. ಅದರಲ್ಲಿ ಕೆಂಪು, ಕಿತ್ತಳೆ, ಹಸಿರು ಅಂತ ಪಟ್ಟಿಗಳಿವೆ. ಕೆಂಪಿನಲ್ಲಿರುವುದು ಗಂಭೀರ ಸಂಬಂಧ. ಹಸಿರಿನಲ್ಲಿರುವುದನ್ನು ಹೇಳಬೇಕಿಲ್ಲ. ನಿಮ್ಮದು ನಡುವಿನ ಕಿತ್ತಳೆ: ಮೂರು ವರ್ಷಗಳೊಳಗೆ ಒಂದೇ ಪಕ್ಷದಿಂದ ಎರಡು ಅಥವಾ ಹೆಚ್ಚು ಸಲ ನೇಮಕ. ಹೇಳಲೇಬೇಕಾದ ಸಂಗತಿ. ಇಲ್ಲಿ ಅಳತೆಗೋಲು ಕಕ್ಷಿದಾರರ ಕಣ್ಣು. ಅವರಿಗೆ ಅನುಮಾನ ಬರಬಹುದಾ ಅಂತಷ್ಟೇ ನೋಡುತ್ತಾರೆ. ಹೇಳಬೇಕೋ ಬೇಡವೋ ಅಂತ ಗೊಂದಲವಿದ್ದರೆ ಹೇಳಿಬಿಡಬೇಕು.

ಎರಡನೆಯದು, ಅವರು ಹುದ್ದೆ ಬಿಡಬೇಕಾ ಅನ್ನೋದು. ಇಲ್ಲಿ ಅಳತೆಗೋಲು ಬದಲಾಗುತ್ತದೆ. ಸಂಗತಿಗಳನ್ನೆಲ್ಲ ತಿಳಿದ, ಯಾವ ಕಡೆಗೂ ಸೇರದ ಮೂರನೆಯವನೊಬ್ಬ ಇವರು ಪಕ್ಷಪಾತ ಮಾಡಬಹುದು ಅಂದುಕೊಳ್ಳುತ್ತಾನಾ? ನಿಮಗೆ ಸಿಟ್ಟು ಬಂದಿದೆ ಅನ್ನೋದು ಆ ತಕ್ಕಡಿಗೆ ಬೀಳೋದಿಲ್ಲ. ಹೇಳದೆ ಇದ್ದ ಮಾತ್ರಕ್ಕೆ ಸಂಘರ್ಷವಿದೆ ಎಂದಾಗುವುದಿಲ್ಲ ಅಂತ ಮಾರ್ಗಸೂಚಿಯೂ ಹೇಳುತ್ತದೆ. ಅದು ಕಾನೂನೂ ಅಲ್ಲ. ಕಕ್ಷಿದಾರರು ಒಪ್ಪಿ ಸೇರಿಸಿಕೊಂಡರೆ ಮಾತು ಬೇರೆ.

ಈ ಎರಡು ಅಳತೆಗಳ ನಡುವಿನ ಸಂದಿಗೆ ಬಿದ್ದ ಪ್ರಸಿದ್ಧ ಕೇಸೊಂದಿದೆ: ಹ್ಯಾಲಿಬರ್ಟನ್ ಮತ್ತು ಚಬ್. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ರಿಗ್ ಸ್ಫೋಟಿಸಿತಲ್ಲ, ಅದರ ವಿಮೆ ಹಣಕ್ಕಾಗಿ ತೈಲ ಸೇವಾ ಕಂಪನಿ ಹ್ಯಾಲಿಬರ್ಟನ್ ಹೂಡಿದ ಜಗಳ. ವಿಮಾ ಕಂಪನಿ ಚಬ್ ಸೂಚಿಸಿದ ವ್ಯಕ್ತಿಯನ್ನೇ ಲಂಡನ್ನಿನ ಕೋರ್ಟು 2015ರಲ್ಲಿ ಮೂರನೇ ಆರ್ಬಿಟ್ರೇಟರಾಗಿ ನೇಮಿಸಿತು. ಆಮೇಲೆ ಅವರು ಅದೇ ಸ್ಫೋಟಕ್ಕೆ ಸಂಬಂಧಿಸಿದ ಇನ್ನೆರಡು ಕೇಸು ಒಪ್ಪಿಕೊಂಡರು. ಒಂದರಲ್ಲಿ ಅವರನ್ನು ನೇಮಿಸಿದ್ದು ಚಬ್ಬೇ. ಹ್ಯಾಲಿಬರ್ಟನ್‌ಗೆ ಹೇಳಲಿಲ್ಲ. ಒಂದೇ ಘಟನೆಯ ಎರಡು ಕೇಸುಗಳಲ್ಲಿ ಚಬ್ ಕೂತಿದೆ, ಆರ್ಬಿಟ್ರೇಟರೂ ಕೂತಿದ್ದಾರೆ, ಹ್ಯಾಲಿಬರ್ಟನ್ ಮಾತ್ರ ಒಂದರಲ್ಲೇ ಇದೆ. ಅಲ್ಲಿ ಏನು ವಾದ ನಡೆಯಿತು, ಏನು ಸಾಕ್ಷ್ಯ ಬಂತು, ಅದಕ್ಕೆ ಗೊತ್ತಾಗೋದಾದರೂ ಹೇಗೆ?

2020ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ ಏನೆಂದಿತು ಗೊತ್ತಾ? ಚಬ್ ಮಾಡಿದ ನೇಮಕವನ್ನು ಹೇಳುವುದು ಕಾನೂನಿನ ಕರ್ತವ್ಯ, ಅದನ್ನವರು ಪಾಲಿಸಲಿಲ್ಲ. ಆದರೂ ಅವರನ್ನು ತೆಗೆಯುವಂತಿಲ್ಲ! ಆ ಹೊತ್ತಿಗೆ ಇಂಥ ಕರ್ತವ್ಯವಿದೆಯಾ ಅನ್ನೋದೇ ಕಾನೂನಿನಲ್ಲಿ ಸ್ಪಷ್ಟವಿರಲಿಲ್ಲ. ಇನ್ನೆರಡು ಕೇಸುಗಳು ಆರಂಭದ ಕಾನೂನು ಪ್ರಶ್ನೆಯಲ್ಲೇ ಮುಗಿಯುವ ಸಾಧ್ಯತೆ ಇತ್ತು, ಹಾಗಾಗಿ ಸಾಕ್ಷ್ಯ ಬೆರೆಯುವ ಭಯ ಕಡಿಮೆ. ಅವರು ಗುಟ್ಟಾಗಿ ಹಣದ ಲಾಭ ಮಾಡಿಕೊಂಡ ಸುಳಿವೂ ಇರಲಿಲ್ಲ. ನನಗೆ ಈ ತೀರ್ಪು ಪೂರ್ತಿ ರುಚಿಸಿಲ್ಲ, ಆದರೆ ತರ್ಕ ಗಟ್ಟಿಯಾಗಿದೆ.

ಒಂದು ಗಮನಿಸಿ. ಕಾನೂನು ಸ್ಪಷ್ಟವಿರಲಿಲ್ಲ ಅನ್ನುವ ನೆಪ ಈಗ ಅಷ್ಟು ಸುಲಭವಲ್ಲ. ಅಂದರೆ ಇವತ್ತು ಮುಚ್ಚಿಟ್ಟವರ ಮೌನಕ್ಕೆ ತೂಕ ಜಾಸ್ತಿ. ಆದರೆ ಆ ಮೌನದ ಜೊತೆ ಇನ್ನೇನಾದರೂ ಬೇಕು. ಹಿಂದಿನ ಎರಡು ಕೇಸುಗಳ ವಿಷಯ ನಿಮ್ಮದಕ್ಕೆ ಹತ್ತಿರವಾ? ಅವರ ಆದಾಯದಲ್ಲಿ ದೊಡ್ಡ ಪಾಲು ಈ ಕಂಪನಿಯಿಂದಲೇ ಬರುತ್ತಿತ್ತಾ? ನೀವು ಕೇಳಿದಾಗ ತಪ್ಪಿಸಿಕೊಂಡು ಉತ್ತರ ಕೊಟ್ಟರಾ? ಈ ಕೊನೆಯದಂತೂ ಎಷ್ಟೋ ಸಲ ಮೂಲ ಸಂಗತಿಗಿಂತ ಹೆಚ್ಚು ಕೆಡಿಸುತ್ತದೆ.

ಇನ್ನು ನಿಮ್ಮ 22 ದಿನ. ನಿಮ್ಮ ಕೇಸು ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವಾದ ಅನ್‌ಸಿಟ್ರಾಲ್ ನಿಯಮದಡಿ ನಡೆಯುತ್ತಿದ್ದರೆ, ಗೊತ್ತಾದ 15 ದಿನಗಳೊಳಗೆ ಆಕ್ಷೇಪದ ನೋಟಿಸು ಕೊಡಬೇಕಿತ್ತು. ಆ ಗಡುವು ದಾಟಿದೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯಾದ ಐಸಿಸಿ ನಿಯಮದಲ್ಲಾದರೆ 30 ದಿನ, ಇನ್ನೂ ಎಂಟು ಉಳಿದಿವೆ. ಮೊದಲು ನಿಮ್ಮ ಒಪ್ಪಂದ ತೆಗೆದು ಯಾವ ನಿಯಮ ಅಂತ ನೋಡಿ. ಗೊತ್ತಿದ್ದೂ ಸುಮ್ನೆ ಕೂತು, ತೀರ್ಪು ವಿರುದ್ಧ ಬಂದ ಮೇಲೆ ಎದ್ದರೆ ಯಾರೂ ಕೇಳೋದಿಲ್ಲ. ಹುಡುಕಿದ್ದರೆ ಸಿಗುತ್ತಿದ್ದ ಸಂಗತಿ ಗೊತ್ತಿತ್ತು ಅಂತಲೇ 2024ರ ಮಾರ್ಗಸೂಚಿ ಹಿಡಿಯುತ್ತದೆ.

ಆರ್ಬಿಟ್ರೇಟರಿಗೆ ಇವತ್ತೇ ಪತ್ರ ಬರೆದು ಎರಡೂ ನೇಮಕಗಳ ವಿವರ ಕೇಳಿ, ಪ್ರತಿಯನ್ನು ಎದುರು ಪಕ್ಷಕ್ಕೂ ಕಳಿಸಿ. ಉತ್ತರಕ್ಕೆ ಕಾಯುವಾಗಲೂ ಗಡುವಿನ ದಿನಗಳು ನಿಲ್ಲೋದಿಲ್ಲ. ಆಕ್ಷೇಪದ ಕರಡನ್ನು ಈಗಲೇ ಬರೆದಿಟ್ಟುಕೊಳ್ಳಿ.