ಗೈಡ್ ಸಾಕು ಅಂತಾರೆ, ಕಮಿಟಿ ಸರ್ ಸಾಲದು ಅಂತಾರೆ

ಪ್ರಶ್ನೆ: ಮೇಡಂ, ಸೋಶಿಯಾಲಜಿ ಪಿಎಚ್‌ಡಿ, ಮೂರನೇ ವರ್ಷ. ಟೈಟಲ್ ‘ಗಾರ್ಮೆಂಟ್ಸ್ ಮಹಿಳೆಯರ ಮೇಲೆ ಶಕ್ತಿ ಯೋಜನೆಯ ಪರಿಣಾಮ’. 26 ಜನರನ್ನ ಕೂತು ಮಾತಾಡಿಸಿದೀನಿ, ಗೈಡ್ ಮೇಡಂ ‘ಸಾಕು ಬರಿಯಮ್ಮ’ ಅಂತಾರೆ. ಕಮಿಟಿಯ ಒಬ್ಬ ಸರ್ ಮಾತ್ರ 400 ಜನರ ಸರ್ವೇ ಆಗ್ಲೇಬೇಕು ಅಂತ ಹಟ ಹಿಡಿದಿದಾರೆ. ಗೈಡ್ ಕೇಳಿದ್ರೆ ‘ಅವರದ್ದು ಇದ್ದಿದ್ದೇ, ಬಿಡು’ ಅಂದ್ರು. ನಾನೇನ್ ಮಾಡ್ಲಿ?

ಉತ್ತರ: ನಿನ್ನ ಟೈಟಲ್ ಓದಿದ ತಕ್ಷಣ ನಂಗೆ ಆ ಸರ್ ಮೇಲೆ ಸ್ವಲ್ಪ ಕನಿಕರ ಬಂತು ನೋಡು. ‘ಪರಿಣಾಮ’ ಅಂತ ಬರೆದ್ಮೇಲೆ ಎಷ್ಟು ಜನಕ್ಕೆ, ಎಷ್ಟು ಬದಲಾಯ್ತು ಅಂತ ಯಾರಾದ್ರೂ ಕೇಳೇ ಕೇಳ್ತಾರೆ, 26 ಇಂಟರ್‌ವ್ಯೂ ಅದಕ್ಕೆ ಉತ್ತರ ಕೊಡಲ್ಲ. ಆದ್ರೆ ಮಜಾ ಏನಂದ್ರೆ ಅವರು ಕೇಳೋ 400ರ ಸರ್ವೇನೂ ಕೊಡಲ್ಲ! ಶಕ್ತಿ ಶುರುವಾಗಿದ್ದು 2023ರ ಜೂನ್ 11ಕ್ಕೆ, ಇಡೀ ರಾಜ್ಯಕ್ಕೆ ಒಂದೇ ದಿನ, ಹಾಗಾಗಿ ಯೋಜನೆ ಸಿಗದೇ ಇರೋ ಊರು ಅಂತ ಹೋಲಿಸೋಕೆ ಒಂದೂ ಇಲ್ಲ, ಅದಕ್ಕೂ ಮುಂಚಿನ ಲೆಕ್ಕ ನಿನ್ನ ಹತ್ರ ಇಲ್ಲ, ಈಗ ಹೋಗಿ ಆಗ ಬಸ್ಸಿಗೆ ತಿಂಗಳಿಗೆ ಎಷ್ಟು ಖರ್ಚಾಗ್ತಿತ್ತು ಅಂತ ಕೇಳಿದ್ರೆ ಅಂದಾಜಲ್ಲೇ ಹೇಳ್ತಾರೆ. ನಂಬರ್ ಬರುತ್ತೆ, ಪರಿಣಾಮ ಸಾಬೀತಾಗಲ್ಲ.

ಅಂದ್ರೆ ಜಗಳ ಇರೋದು ಆ ಒಂದು ಪದದಲ್ಲಿ. ನೀನು ನಿಜವಾಗ್ಲೂ ಕೇಳಿದ್ದು, ಬಸ್ ಫ್ರೀ ಆದ್ಮೇಲೆ ದೂರದ ಫ್ಯಾಕ್ಟರಿಗೆ ಹೋಗೋ ನಿರ್ಧಾರ ಮನೇಲಿ ಯಾರು ಹೇಗೆ ತಗೊಂಡ್ರು, ಉಳಿದ ದುಡ್ಡು ಯಾರ ಕೈಗೆ ಹೋಯ್ತು ಅನ್ನೋದಾದ್ರೆ ಅದಕ್ಕೆ ಇಂಟರ್‌ವ್ಯೂನೇ ಸರಿ. ಹಾಗಿದ್ರೆ ಟೈಟಲ್‌ನ ‘ಅನುಭವ’ ಅಂತಲೋ ‘ಬಳಕೆ’ ಅಂತಲೋ ಬದಲಾಯಿಸು.

ಇದನ್ನ ಹೇಳೋ ಕ್ರಮ ಮುಖ್ಯ. ಮೊದಲು ಗೈಡ್ ಹತ್ರ ಹೋಗು, ಅವರ ಬೆನ್ನ ಹಿಂದೆ ಸರ್ ರೂಮಿಗೆ ಹೋಗಿ ‘ನಿಮ್ಮದೇ ಸರಿ’ ಅನ್ನೋ ಕೆಲಸ ಮಾತ್ರ ಮಾಡ್ಬೇಡ (ನಾನು ಮಾಡಿದ್ದೆ, ಸಂಜೆಯೊಳಗೆ ಗೈಡ್ ಕಿವಿಗೆ ಬಿದ್ದಿತ್ತು, ಆಮೇಲಿನ ಆರು ತಿಂಗಳು ಬೇಡವೇ ಬೇಡ). ಅವರು ಹೂಂ ಅಂದ್ಮೇಲೆ ಸರ್‌ನ ನೋಡಿ ಒಂದೇ ಪ್ರಶ್ನೆ ಕೇಳು: ‘ಸರ್, ನಾನು ಹೇಳ್ತಿರೋ ಯಾವ ಮಾತಿಗೆ ಈ ಡೇಟಾ ಸಾಲಲ್ಲ?’ ಅವರು ತೋರಿಸೋ ಪ್ರತಿ ವಾಕ್ಯವನ್ನೂ ಒಂದೋ ತೆಗಿ, ಇಲ್ಲ ಹದ ಮಾಡು. ‘ಮಹಿಳೆಯರು ಸ್ವತಂತ್ರರಾದರು’ ಅಂತಿದ್ರೆ ‘ನಾನು ಮಾತಾಡಿಸಿದವರಲ್ಲಿ ಹಲವರು ಹೀಗಂದರು’ ಅಂತ ಮಾಡು. ಅಷ್ಟನ್ನೂ ಒಂದು ಪುಟದಲ್ಲಿ ಬರೆದು ಮುಂದಿನ ಪ್ರೋಗ್ರೆಸ್ ರಿಪೋರ್ಟ್ ಜೊತೆ ಇಡು, ಟೈಟಲ್ ಬದಲಾವಣೆ ಅದೇ ಮೀಟಿಂಗ್‌ನಲ್ಲಿ ನಡಾವಳಿಗೆ ಬರ್ಲಿ.

ಅಷ್ಟಾದ್ರೂ ಒಪ್ಪದಿದ್ರೆ? ಯುಜಿಸಿ 2022ರ ನಿಯಮದ ಪ್ರಕಾರ ಥೀಸಿಸ್ ನೋಡೋದು ಗೈಡ್ ಮತ್ತೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು, ಆ ಸರ್ ಅಲ್ಲ. ಆದ್ರೆ ಸಬ್ಮಿಟ್ ಮಾಡೋಕೆ ಮುಂಚಿನ ಪ್ರೆಸೆಂಟೇಶನ್ ಅವರ ಕಮಿಟಿ ಮುಂದೇನೇ, ಅವತ್ತು ಮತ್ತೆ 400 ಅಂದ್ರೆ ಈ ಒಂದು ಪುಟ ಕೈಯಲ್ಲಿರ್ಲಿ.