ಅಂಗಡಿ ಬೆಂಗಳೂರಿನದಾದರೂ ದೂರು ದಾವಣಗೆರೆಯಲ್ಲೇ ಕೊಡಬಹುದು

"ದಾವಣಗೆರೆಯಲ್ಲಿದ್ದೇನೆ. ಬೆಂಗಳೂರಿನ ಅಂಗಡಿಯಿಂದ ₹8,400ಕ್ಕೆ ತರಿಸಿದ ಗ್ರೈಂಡರ್ ಹತ್ತೇ ದಿನಕ್ಕೆ ನಿಂತಿತು. ದುಡ್ಡು ವಾಪಸ್ ಕೇಳಿದರೆ ಫೋನೇ ಎತ್ತುತ್ತಿಲ್ಲ. ಏನು ಮಾಡಲಿ?"

ಬರೀ ಫೋನಿನಲ್ಲಿ ಕೇಳಿದ್ದಕ್ಕೆ ಗುರುತೇ ಉಳಿಯುವುದಿಲ್ಲ ಅಲ್ವಾ, ಅದಕ್ಕೇ ಅಂಗಡಿಯವರು ಸುಮ್ಮನಿದ್ದಾರೇನೋ. ಮೊದಲು ಬಿಲ್ಲಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಬಿಲ್ ನಂಬರ್, ಕೊಂಡ ದಿನ, ಕೆಟ್ಟ ದಿನ, 15 ದಿನದೊಳಗೆ ₹8,400 ವಾಪಸ್ ಬೇಕು ಅಂತ ನೀವೇ ಬರೆದರೆ ಸಾಕು. ಪೋಸ್ಟ್ ರಸೀದಿ ಎತ್ತಿಡಿ.

ಗ್ರೈಂಡರನ್ನು ಮಾತ್ರ ಹೊರಗೆ ಬಿಚ್ಚಿಸಬೇಡಿ. ನನ್ನ ಮಿಕ್ಸಿಯ ಮೋಟರನ್ನು ಪಕ್ಕದ ಬೀದಿಯ ಮೆಕ್ಯಾನಿಕ್ ಬಿಚ್ಚಿದ್ದರು. ಸೀಲ್ ಒಡೆದದ್ದು ನೋಡಿ ಅಂಗಡಿಯವರು "ನೀವೇ ಕೆಡಿಸಿದ್ದು" ಎಂದು ವಾದಿಸಿದರು. ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ತೋರಿಸಿ, ಏನು ಕೆಟ್ಟಿದೆ ಎಂದು ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ಅದೇ ನಿಮ್ಮ ದೊಡ್ಡ ಸಾಕ್ಷಿ.

ಈ ನಡುವೆ 1915ಕ್ಕೂ ಫೋನ್ ಮಾಡಿ ದೂರು ಬರೆಸಿ. ಗ್ರಾಹಕ ಸಹಾಯವಾಣಿಯವರು ರಾಜಿ ಮಾಡಿಸಬಹುದು, ಆದೇಶ ಕೊಡಲಾರರು.

ಆಗಲೂ ಬಗ್ಗದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಊರಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸಿಲ್ಲ, ವಕೀಲರೂ ಕಡ್ಡಾಯವಲ್ಲ. e-jagriti.gov.in ನಲ್ಲೂ ಸಲ್ಲಿಸಬಹುದು. ಅಂಗಡಿಯ ಜೊತೆ ತಯಾರಿಸಿದ ಕಂಪನಿಯನ್ನೂ ಎದುರುದಾರರಾಗಿ ಸೇರಿಸಿ. ಇಲ್ಲದಿದ್ದರೆ ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಳ್ಳುತ್ತಾರೆ.

ಹಣ ವಾಪಸ್ ಜೊತೆಗೆ ಪರಿಹಾರ, ಖರ್ಚನ್ನೂ ಕೇಳಿ. ಪರಿಹಾರ ಎಷ್ಟು ಸಿಗುತ್ತದೆ ಎಂದು ಮೊದಲೇ ಹೇಳಲಾಗದು. ಕೇಸು ಹಾಕಲು ಎರಡು ವರ್ಷ ಗಡುವಿದೆ, ಆದರೆ ನೋಟಿಸನ್ನು ಈ ವಾರವೇ ಕಳಿಸಿ.