ಹತ್ತು ಮತ್ತು ಹತ್ತು

ಪ್ರಶ್ನೆ: ಒಂದೇ ಪದಕ್ಕೆ ಹಲವು ಅರ್ಥವೋ, ಒಂದೇ ರೂಪದ ಎರಡು ಪದಗಳೋ ಎಂದು ನಿಘಂಟುಕಾರರು ಹೇಗೆ ತೀರ್ಮಾನಿಸುತ್ತಾರೆ?

ಉತ್ತರ: ಮುಂಬೈನ ದಾದರ್ ರೈಲು ನಿಲ್ದಾಣದಲ್ಲಿ ಕನ್ನಡಿಗರೊಬ್ಬರು ಮಗನಿಗೆ "ಹತ್ತು ಗಂಟೆಯ ಲೋಕಲ್ ಹತ್ತು" ಎಂದರೆ ಎರಡು 'ಹತ್ತು'ಗಳೂ ನಿಘಂಟಿನಲ್ಲಿ ಬೇರೆ ಬೇರೆ ನಮೂದುಗಳಾಗುತ್ತವೆ. ಒಂದು ಸಂಖ್ಯೆ, ಇನ್ನೊಂದು ಕ್ರಿಯಾಪದ. ಆದರೆ ಅಷ್ಟೇ ಸಾಲದು: 'ನಡೆ' ನಾಮಪದವೂ ಹೌದು, ಕ್ರಿಯಾಪದವೂ ಹೌದು, ಬೇರು ಮಾತ್ರ ಒಂದೇ. ಆದ್ದರಿಂದ ಚರಿತ್ರೆಯನ್ನು ಕೆದಕಬೇಕು. ಹಳಗನ್ನಡದಲ್ಲಿ ಎರಡೂ 'ಪತ್ತು', ಅಲ್ಲಿಯೂ ಬಿಡಿಸಲಾಗದು! ನೆರವಿಗೆ ಬರುವುದು ತಮಿಳು: ಸಂಖ್ಯೆ 'ಪತ್ತು', ಹಿಡಿ ಅಥವಾ ಅಂಟಿಕೊ ಎಂಬ ಕ್ರಿಯಾಪದ 'ಪಱ್ಱು'. ಮೂಲದಲ್ಲಿ ಬೇರೆಯಾಗಿದ್ದ ಧ್ವನಿಗಳು ಕನ್ನಡದಲ್ಲಿ ಒಂದಾಗಿವೆ.

ಇನ್ನು ಬೆಂಕಿ ಹತ್ತುವುದು, ರೈಲು ಹತ್ತುವುದು, ಉತ್ತರ ಕರ್ನಾಟಕದವರ 'ಅಳಲು ಹತ್ತಿದ' ಇವುಗಳಿಗೆ ಹೊಸ ನಮೂದು ಬೇಡ. ಅಂಟಿಕೊಳ್ಳುವ, ತಗುಲುವ ಅರ್ಥದಿಂದ ಒಂದೊಂದಾಗಿ ಕವಲೊಡೆದಂತೆ ಕಾಣುತ್ತವೆ. ಒಂದೇ ನಮೂದಿನಡಿ ಉಪಾರ್ಥಗಳಾಗಿ ನಿಲ್ಲುತ್ತವೆ.

ಕಷ್ಟವಿರುವುದು ಬೇರು ಒಂದಾಗಿದ್ದೂ ಇಂದಿನ ಓದುಗರಿಗೆ ನಂಟು ಕಾಣದಿರುವಾಗ. ಚಾರಿತ್ರಿಕ ನಿಘಂಟು ಅಲ್ಲಿ ಒಂದೇ ನಮೂದನ್ನು ಇಡುತ್ತದೆ. ಕಲಿಯುವವರ ನಿಘಂಟು ಒಡೆದರೂ ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ.